ಮರವನ್ನು ನಡುವಿನಲ್ಲಿ ಬಿಡಿಸುವ ಲೆಕ್ಕ

2011ರಲ್ಲಿ ಥಾಯ್ಲೆಂಡಿನ ಪಟ್ಟಾಯದಲ್ಲಿ ನಡೆದ ಅಂತರರಾಷ್ಟ್ರೀಯ ಇನ್ಫರ್ಮ್ಯಾಟಿಕ್ಸ್ ಒಲಿಂಪಿಯಾಡ್‌ನಲ್ಲಿ ‘ರೇಸ್’ ಎಂಬ ಪ್ರಶ್ನೆಯಿತ್ತು. ಊರುಗಳು ಎರಡು ಲಕ್ಷದವರೆಗೆ. ಯಾವ ಎರಡು ಊರುಗಳ ನಡುವೆಯೂ ದಾರಿ ಒಂದೇ. ಇಂಥ ಜಾಲಕ್ಕೆ ಕಂಪ್ಯೂಟರ್ ವಿಜ್ಞಾನದಲ್ಲಿ ಮರ ಎನ್ನುತ್ತಾರೆ. ಗೊತ್ತುಪಡಿಸಿದ ಉದ್ದದ ದಾರಿಗಳಲ್ಲಿ ಅತಿ ಕಡಿಮೆ ರಸ್ತೆಗಳಿರುವುದನ್ನು ಹುಡುಕಬೇಕಿತ್ತು. ಅದರ ಸರಳ ರೂಪ ಹೀಗೆ: ಅಷ್ಟು ಉದ್ದದ ದಾರಿಗಳು ಒಟ್ಟು ಎಷ್ಟಿವೆ?

ಒಂದೊಂದೇ ಜೋಡಿಯನ್ನು ಅಳೆಯಲು ಹೊರಟರೆ ಸುಮಾರು 2,000 ಕೋಟಿ ಜೋಡಿಗಳಾಗುತ್ತವೆ. ಅದರ ಬದಲು ಒಂದು ಊರನ್ನು ಆರಿಸಿ, ಅದರ ಮೂಲಕ ಹಾಯುವ ದಾರಿಗಳನ್ನಷ್ಟೇ ಎಣಿಸಿ, ಆ ಊರನ್ನು ತೆಗೆದುಬಿಡಬಹುದು. ಉಳಿದ ದಾರಿಗಳೆಲ್ಲ ಯಾವುದಾದರೂ ಒಂದು ತುಂಡಿನೊಳಗೇ ಇರುತ್ತವೆ. ಪ್ರತಿ ತುಂಡಿನಲ್ಲೂ ಇದೇ ಕೆಲಸ.

ಯಾವ ಊರನ್ನು ಆರಿಸಬೇಕು ಎಂಬುದರಲ್ಲೇ ಎಲ್ಲ ಇದೆ. ಉದ್ದನೆಯ ಸರಪಳಿಯಂಥ ಮರದಲ್ಲಿ ತುದಿಯ ಊರನ್ನು ತೆಗೆದರೆ ಮರ ಒಂದೇ ಒಂದು ಊರಿನಷ್ಟು ಕಿರಿದಾಗುತ್ತದೆ. ಹಾಗಾಗಿ, ತೆಗೆದಾಗ ಯಾವ ತುಂಡೂ ಅರ್ಧಕ್ಕಿಂತ ದೊಡ್ಡದಾಗಿ ಉಳಿಯದಂಥ ಊರು ಬೇಕು. ಅದೇ ಸೆಂಟ್ರಾಯ್ಡ್. ಎಲ್ಲಿಂದಲಾದರೂ ಹೊರಟು, ಅರ್ಧಕ್ಕಿಂತ ದೊಡ್ಡ ತುಂಡು ಯಾವ ಕಡೆ ಇದೆಯೋ ಆ ಕಡೆಗೆ ಸರಿಯುತ್ತ ಹೋದರೆ ಅದು ಸಿಕ್ಕೇ ಸಿಗುತ್ತದೆ. ಬಿಟ್ಟು ಬಂದ ಭಾಗ ಅರ್ಧಕ್ಕಿಂತ ಚಿಕ್ಕದಾದ್ದರಿಂದ ಹಿಂದಕ್ಕೆ ಹೋಗುವ ಪ್ರಮೇಯವಿಲ್ಲ. ಎರಡು ಲಕ್ಷವನ್ನು ಅರ್ಧರ್ಧ ಮಾಡುತ್ತ ಹೋದರೆ ಹೆಚ್ಚೆಂದರೆ 18 ಹಂತ. ಅಂದರೆ ಪ್ರತಿ ಊರೂ 18ಕ್ಕಿಂತ ಹೆಚ್ಚು ಸಲ ಲೆಕ್ಕಕ್ಕೆ ಬರುವುದಿಲ್ಲ.

ಒಂದು ಪುಟ್ಟ ಮರ ನೋಡೋಣ. 1ಕ್ಕೆ 2, 3, 4 ಅಂಟಿವೆ, 2ಕ್ಕೆ 5 ಮತ್ತು 6, 3ಕ್ಕೆ 7. ಮೂರು ರಸ್ತೆ ಉದ್ದದ ದಾರಿಗಳೆಷ್ಟು? 1 ಸೆಂಟ್ರಾಯ್ಡ್. ಅದರಿಂದ ಒಂದು ರಸ್ತೆ ದೂರದಲ್ಲಿ ಮೂರು ಊರು, ಎರಡು ರಸ್ತೆ ದೂರದಲ್ಲೂ ಮೂರು. ಒಂದಕ್ಕೆ ಎರಡು ಕೂಡಿದರೆ ಮೂರು, ಹಾಗಾಗಿ ಮೂರ್ಮೂರ್ಲಿ ಒಂಬತ್ತು ಎನ್ನಿಸುತ್ತದೆ. ಅದು ತಪ್ಪು. 2–5, 2–6, 3–7 ಒಂದೇ ಕೊಂಬೆಯ ಜೋಡಿಗಳು. ಅವುಗಳ ನಿಜವಾದ ಅಂತರ ಒಂದೇ ರಸ್ತೆ.

ಆದ್ದರಿಂದ ಕೊಂಬೆಗಳನ್ನು ಒಂದೊಂದಾಗಿ ತೆಗೆದುಕೊಳ್ಳಬೇಕು. ಮೊದಲು ಕೋಷ್ಟಕದಲ್ಲಿ ಸೊನ್ನೆ ದೂರಕ್ಕೆ 1 ಮಾತ್ರ ಇರುತ್ತದೆ. 2ರ ಕೊಂಬೆಗೆ ಜೋಡಿ ಸಿಗುವುದಿಲ್ಲ. ಅದರ ದೂರಗಳನ್ನು ಬರೆದುಕೊಳ್ಳುತ್ತೇವೆ. 3ರ ಕೊಂಬೆ ಬಂದಾಗ 3ಕ್ಕೆ ಎರಡು, 7ಕ್ಕೆ ಒಂದು ಜೋಡಿ. ಕೊನೆಗೆ 4ಕ್ಕೆ ಮೂರು. ಒಟ್ಟು ಆರು. ಉಳಿದ ತುಂಡುಗಳಲ್ಲಿ ಅಷ್ಟುದ್ದದ ದಾರಿಯೇ ಇಲ್ಲ. ಹುಡುಕಿದ ಮೇಲೆ ಬರೆಯುವುದು, ಬರೆದು ಹುಡುಕುವುದಲ್ಲ. ಈ ಕ್ರಮ ಕೆಟ್ಟರೆ ಲೆಕ್ಕ ಕೆಟ್ಟಂತೆ.

ಇನ್ನೊಂದು ತಪ್ಪು ಉತ್ತರದಲ್ಲಿ ಕಾಣುವುದೇ ಇಲ್ಲ. ಊರನ್ನು ತೆಗೆದ ಮೇಲೆ ತುಂಡುಗಳ ಗಾತ್ರವನ್ನು ಹೊಸದಾಗಿ ಎಣಿಸದಿದ್ದರೆ ಎಣಿಕೆ ಸರಿಯಾಗಿಯೇ ಬರುತ್ತದೆ, ಆದರೆ ಮುಂದಿನ ಆಯ್ಕೆ ನಡುವಿನದಾಗಿರುವುದಿಲ್ಲ, ಹಂತಗಳು ಬೆಳೆಯುತ್ತವೆ. ನೀವೇ ಬರೆದು ನೋಡುವುದಾದರೆ ಪುಟ್ಟ ಮರಗಳ ಉತ್ತರವನ್ನು ಕೈಲೆಕ್ಕದೊಂದಿಗೆ ತಾಳೆ ನೋಡಿ; ಜೊತೆಗೆ ಎರಡು ಲಕ್ಷ ಊರುಗಳ ಒಂದು ಸರಪಳಿಯನ್ನೂ ಕೊಟ್ಟು ಸಮಯ ಅಳೆಯಿರಿ.