ಎಡಕ್ಕೊಂದು ಉತ್ತರ, ಬಲಕ್ಕೊಂದು ಉತ್ತರ

3 ಎಂಬ ಸಂಖ್ಯೆಯನ್ನು ಮೂರು ವರ್ಗಗಳ ಮೊತ್ತವಾಗಿ ಬರೆಯಬಹುದು: 1+1+1. 21ನ್ನೂ ಹಾಗೆ ಬರೆಯಬಹುದು: 16+4+1. ಇವೆರಡರ ಗುಣಲಬ್ಧ 63. ಅದನ್ನು ಮಾತ್ರ ಹಾಗೆ ಬರೆಯಲು ಬರುವುದಿಲ್ಲ. ಮೂರು ವರ್ಗಗಳಲ್ಲಿ ದೊಡ್ಡದು 21ಕ್ಕಿಂತ ಕಡಿಮೆ ಇರುವಂತಿಲ್ಲವಾದ್ದರಿಂದ ಅದು 25, 36 ಅಥವಾ 49 ಆಗಿರಬೇಕು. ಆಗ ಉಳಿಯುವುದು ಕ್ರಮವಾಗಿ 38, 27, 14. ಈ ಮೂರರಲ್ಲಿ ಒಂದನ್ನೂ ಎರಡು ವರ್ಗಗಳಾಗಿ ಒಡೆಯಲಾಗದು.

ಐರ್ಲೆಂಡಿನ ಗಣಿತಜ್ಞ ವಿಲಿಯಂ ರೋವನ್ ಹ್ಯಾಮಿಲ್ಟನ್ ವರ್ಷಗಟ್ಟಲೆ ಹೆಣಗಿದ್ದು ಇಂಥದೊಂದು ಗೋಡೆಯ ಮುಂದೆ. ಸಂಕೀರ್ಣ ಸಂಖ್ಯೆ ಎಂದರೆ ಎರಡು ವಾಸ್ತವ ಸಂಖ್ಯೆಗಳ ಜೋಡಿ. ಅದು ಸಮತಲದ ಮೇಲಿನ ಒಂದು ಬಿಂದು. ಇಂಥ ಎರಡನ್ನು ಗುಣಿಸಿದರೆ ಅವುಗಳ ಉದ್ದಗಳೂ ಗುಣಿಸಿಕೊಳ್ಳುತ್ತವೆ. ನಾವಿರುವುದು ಮೂರು ಆಯಾಮದ ಜಗತ್ತಿನಲ್ಲಾದ್ದರಿಂದ ಮೂರು ಸಂಖ್ಯೆಗಳ ಗುಂಪಿಗೂ ಅಂಥದೇ ಗುಣಾಕಾರ ಬೇಕೆಂದು ಅವನು ಹುಡುಕಿದ. ಮೂರರ ಗುಂಪುಗಳನ್ನು ಗುಣಿಸುವುದು ಗೊತ್ತಾಯಿತೇ ಎಂದು ಬೆಳಗಿನ ಉಪಾಹಾರಕ್ಕೆ ಬಂದಾಗಲೆಲ್ಲ ಮಕ್ಕಳು ಕೇಳುತ್ತಿದ್ದರಂತೆ. ಕೂಡುವುದು, ಕಳೆಯುವುದು ಮಾತ್ರ ಗೊತ್ತು ಎಂದು ತಲೆಯಾಡಿಸಬೇಕಾಗುತ್ತಿತ್ತು ಎಂದು ಮುಂದೆ ಮಗನಿಗೆ ಬರೆದ ಪತ್ರದಲ್ಲಿ ಅವನೇ ನೆನೆದಿದ್ದಾನೆ. ಪೂರ್ಣಾಂಕಗಳಿಂದ ಪೂರ್ಣಾಂಕಗಳನ್ನೇ ಕೊಡುವ, ಉದ್ದಗಳ ನಿಯಮವನ್ನೂ ಪಾಲಿಸುವ ಗುಣಾಕಾರ ಮೂರರ ಗುಂಪುಗಳಿಗೆ ಇದ್ದಿದ್ದರೆ 63 ಮೂರು ವರ್ಗಗಳಾಗಿ ಒಡೆಯಲೇಬೇಕಿತ್ತು. ಒಡೆಯುವುದಿಲ್ಲವಾದ್ದರಿಂದ ಅಂಥ ಗುಣಾಕಾರವಿಲ್ಲ.

1843ರ ಅಕ್ಟೋಬರ್ 16ರಂದು, ಹೆಂಡತಿಯ ಜೊತೆ ಡಬ್ಲಿನ್ನಿನ ರಾಯಲ್ ಕಾಲುವೆಯ ದಂಡೆಯಲ್ಲಿ ನಡೆದುಹೋಗುತ್ತಿದ್ದಾಗ, ಮೂರಲ್ಲ, ನಾಲ್ಕು ಸಂಖ್ಯೆಗಳು ಬೇಕು ಎಂಬುದು ಅವನಿಗೆ ಹೊಳೆಯಿತು. ಚಾಕುವಿನಿಂದ ಬ್ರೂಮ್ ಸೇತುವೆಯ ಕಲ್ಲಿನ ಮೇಲೆ ಸೂತ್ರವನ್ನು ಕೆತ್ತಿದ:

i² = j² = k² = ijk = −1

ಈ ಒಂದು ಸಾಲಿನಿಂದಲೇ ಉಳಿದೆಲ್ಲ ಹೊರಡುತ್ತದೆ. ijk = −1 ಎಂಬುದನ್ನು ಬಲಗಡೆಯಿಂದ k ಇಂದ ಗುಣಿಸಿ. ಎಡಭಾಗದಲ್ಲಿ k² ಎಂದರೆ −1 ಬಂದು −ij ಆಗುತ್ತದೆ, ಬಲಭಾಗ −k. ಹಾಗಾಗಿ ij = k. ಇದೇ ದಾರಿಯಲ್ಲಿ ಹೋದರೆ jk = i, ki = j. ತಿರುಗಿಸಿ ಬರೆದರೆ ಚಿಹ್ನೆ ಬದಲಾಗುತ್ತದೆ: ji = −k, kj = −i, ik = −j. ಮೂರನ್ನು ಎಂಟರಿಂದ ಗುಣಿಸಿದರೂ ಎಂಟನ್ನು ಮೂರರಿಂದ ಗುಣಿಸಿದರೂ ಒಂದೇ ಎಂದು ಶಾಲೆಯಲ್ಲಿ ಕಲಿತ ಪರಿವರ್ತನೀಯ ನಿಯಮ ಇಲ್ಲಿ ಬಿದ್ದುಹೋಯಿತು. ಹ್ಯಾಮಿಲ್ಟನ್ ತೆತ್ತ ಬೆಲೆ ಅದೊಂದೇ. ಸಹವರ್ತನ ನಿಯಮ, ವಿಭಾಜಕ ನಿಯಮ ಎರಡೂ ಉಳಿದವು. ಭಾಗಾಕಾರವೂ ಉಳಿಯಿತು, ನನ್ನ ಮಟ್ಟಿಗೆ ಇಡೀ ಕತೆಯಲ್ಲಿ ಅತ್ಯಂತ ಸುಂದರವಾದ ಭಾಗ ಇದೇ.

ಒಂದು ಕ್ವಾಟರ್ನಿಯನ್ ಎಂದರೆ q = a + bi + cj + dk; ಇಲ್ಲಿ a, b, c, d ವಾಸ್ತವ ಸಂಖ್ಯೆಗಳು. i, j, k ಇರುವ ಮೂರು ಪದಗಳ ಚಿಹ್ನೆಯನ್ನಷ್ಟೇ ಬದಲಿಸಿದರೆ ಸಿಗುವ a − bi − cj − dk ಎಂಬುದು q ದ ಕಾಂಜುಗೇಟ್. ಎರಡನ್ನೂ ಗುಣಿಸಿ ನೋಡಿ. bi ಮತ್ತು cj ಇಂದ ಹುಟ್ಟುವ ಅಡ್ಡಪದಗಳು −bc·ij ಮತ್ತು −cb·ji. ij ಹಾಗೂ ji ಪರಸ್ಪರ ವಿರುದ್ಧ ಚಿಹ್ನೆಯವಾದ್ದರಿಂದ ಇವು ಒಂದನ್ನೊಂದು ಅಳಿಸಿಹಾಕುತ್ತವೆ. ಉಳಿದ ಅಡ್ಡಪದಗಳೂ ಜೋಡಿಜೋಡಿಯಾಗಿ ಮಾಯವಾಗುತ್ತವೆ. ಪರಿವರ್ತನೀಯ ನಿಯಮ ಬಿದ್ದುಹೋದದ್ದು ನಷ್ಟವಲ್ಲ, ಲೆಕ್ಕ ನಿಂತಿರುವುದೇ ಅದರ ಮೇಲೆ ಎಂಬುದು ಇಲ್ಲಿ ಕಾಣುತ್ತದೆ. ಕೊನೆಗೆ ಉಳಿಯುವುದು a² + b² + c² + d² ಎಂಬ ಬರೀ ವಾಸ್ತವ ಸಂಖ್ಯೆ. ಇದೇ q ದ ನಾರ್ಮ್.

ನಾಲ್ಕು ವರ್ಗಗಳ ಮೊತ್ತ ಸೊನ್ನೆಯಾಗಬೇಕಾದರೆ ನಾಲ್ಕೂ ಸಂಖ್ಯೆಗಳು ಸೊನ್ನೆಯಾಗಿರಬೇಕು. ಆದ್ದರಿಂದ ಸೊನ್ನೆಯಲ್ಲದ ಯಾವ ಕ್ವಾಟರ್ನಿಯನ್ನಿನ ಕಾಂಜುಗೇಟನ್ನಾದರೂ ಅದರ ನಾರ್ಮ್‌ನಿಂದ ಧೈರ್ಯವಾಗಿ ಭಾಗಿಸಬಹುದು. ಬಂದದ್ದೇ ಅದರ ವಿಲೋಮ, q⁻¹. ಎಡಗಡೆಯಿಂದ ಗುಣಿಸಿದರೂ ಬಲಗಡೆಯಿಂದ ಗುಣಿಸಿದರೂ ಅದು q ವನ್ನು 1 ಮಾಡುತ್ತದೆ. ಸೊನ್ನೆಯೊಂದನ್ನು ಬಿಟ್ಟು ಎಲ್ಲಕ್ಕೂ ಹೀಗೆ ವಿಲೋಮವಿರುವ ವ್ಯವಸ್ಥೆಗೆ ಡಿವಿಷನ್ ರಿಂಗ್ ಎನ್ನುತ್ತಾರೆ. a, b, c, d ವಾಸ್ತವ ಸಂಖ್ಯೆಗಳಾಗಿರಬೇಕು ಎಂಬ ಷರತ್ತನ್ನು ಸಡಿಲಿಸುವಂತಿಲ್ಲ. i, j, k ಮೂರರ ಜೊತೆಗೂ ಪರಿವರ್ತನೀಯವಾದ, ವರ್ಗ −1 ಆಗುವ ಇನ್ನೊಂದು ಸಂಖ್ಯೆ h ಅನ್ನು ಒಳಗೆ ಬಿಟ್ಟರೆ (1 + hi)(1 − hi) ಸೊನ್ನೆಯಾಗುತ್ತದೆ. ಸೊನ್ನೆಯಲ್ಲದ ಎರಡು ಸೇರಿ ಸೊನ್ನೆ ಕೊಟ್ಟ ಮೇಲೆ ಅವುಗಳಿಂದ ಭಾಗಿಸುವ ಮಾತೇ ಇಲ್ಲ.

ಒಂದು ಲೆಕ್ಕ ಮಾಡೋಣ. q = 1 + i + j + k ಎಂದಿರಲಿ. ಅದರ ನಾರ್ಮ್ 1+1+1+1, ಅಂದರೆ 4. ವಿಲೋಮ (1 − i − j − k)/4. ಹೊಸಬರು ಎಡವುವುದು ಇಲ್ಲೇ: ಕೆಲವು ಪುಸ್ತಕಗಳು ಈ 4ರ ವರ್ಗಮೂಲವನ್ನು, ಅಂದರೆ ಉದ್ದವಾದ 2ನ್ನು, ನಾರ್ಮ್ ಎನ್ನುತ್ತವೆ. ಅದನ್ನೋದಿ 2ರಿಂದ ಭಾಗಿಸಿದವರು ಉತ್ತರವನ್ನು q ಜೊತೆ ಗುಣಿಸಿ ನೋಡಿದರೆ 1ರ ಬದಲು 2 ಬರುತ್ತದೆ. ಗುಣಿಸಿ ನೋಡುವುದಕ್ಕಿಂತ ಒಳ್ಳೆಯ ಪರೀಕ್ಷೆ ಬೇರೆ ಇಲ್ಲ.

ಈಗ i ಯನ್ನು q ಇಂದ ಭಾಗಿಸಿ ಎಂದರೆ ಏನರ್ಥ? q ವನ್ನು ಯಾವುದರಿಂದ ಗುಣಿಸಿದರೆ i ಬರುತ್ತದೆ ಎಂದು ತಾನೇ? ಆ ಅಜ್ಞಾತ x ಬಲಗಡೆ ಇದ್ದರೆ, ಅಂದರೆ qx = i ಆಗಿದ್ದರೆ, ಎರಡೂ ಕಡೆ ಎಡದಿಂದ q⁻¹ ಹಾಕಬೇಕು. ಆಗ x = q⁻¹i. ಬಿಡಿಸಿದರೆ (i − ii − ji − ki)/4, ಅಂದರೆ (1 + i − j + k)/4. ಅಜ್ಞಾತ ಎಡಗಡೆ ಇದ್ದು xq = i ಆಗಿದ್ದರೆ x = iq⁻¹; ಅದು (1 + i + j − k)/4. ಎರಡು ಉತ್ತರಗಳೂ ಸರಿ, ಆದರೆ ಒಂದೇ ಅಲ್ಲ. ಹೀಗಾಗಿ ಕ್ವಾಟರ್ನಿಯನ್‌ಗಳಲ್ಲಿ i ಯ ಕೆಳಗೆ ಗೆರೆ ಎಳೆದು q ಬರೆಯುವ ಭಿನ್ನರಾಶಿಗೆ ಅರ್ಥವಿಲ್ಲ. Q⁻¹ ಯಾವ ಪಕ್ಕಕ್ಕೆ ಎಂದು ಪ್ರತಿಸಲವೂ ಹೇಳಲೇಬೇಕು.

ಎರಡೂ ಪಕ್ಕವನ್ನು ಒಟ್ಟಿಗೆ ಬಳಸಿದರೆ ಮೂರು ಆಯಾಮದ ತಿರುಗುವಿಕೆ ಸಿಗುತ್ತದೆ. ನಮ್ಮ q ವನ್ನೇ ತೆಗೆದುಕೊಂಡು qiq⁻¹ ಲೆಕ್ಕ ಹಾಕಿ. ಮೊದಲು qi = −1 + i + j − k. ಅದನ್ನು (1 − i − j − k)/4 ಇಂದ ಗುಣಿಸಿದರೆ ಬರುವುದು ಬರೀ j. ಹಾಗೆಯೇ j ಯಿಂದ k, k ಯಿಂದ i. ಘನವೊಂದರ ಮೂಲೆಯಿಂದ ಎದುರು ಮೂಲೆಗೆ ಹೋಗುವ ಕರ್ಣದ ಸುತ್ತ 120 ಡಿಗ್ರಿ ತಿರುಗಿಸಿದರೆ ಮೂರು ಅಕ್ಷಗಳು ಹೀಗೇ ಸ್ಥಾನ ಬದಲಿಸುತ್ತವೆ. ತಿರುಗಿಸುವ ಕ್ರಮ ಬದಲಾದರೆ ಫಲಿತಾಂಶ ಬದಲಾಗುವುದು ಕೈಯಲ್ಲಿ ಹಿಡಿದ ಪುಸ್ತಕಕ್ಕೂ ನಿಜ. ಮುಂದಕ್ಕೆ ಬಾಗಿಸಿ ಆಮೇಲೆ ಪಕ್ಕಕ್ಕೆ ತಿರುಗಿಸಿದರೆ ಒಂದು ಭಂಗಿ, ಮೊದಲು ಪಕ್ಕಕ್ಕೆ ತಿರುಗಿಸಿ ಆಮೇಲೆ ಬಾಗಿಸಿದರೆ ಇನ್ನೊಂದು. ಹೀಗಿರುವಾಗ ಇದನ್ನು ವರ್ಣಿಸುವ ಗುಣಾಕಾರ ಪರಿವರ್ತನೀಯವಾಗಿರುವುದು ಸಾಧ್ಯವೇ ಇರಲಿಲ್ಲ.

ಕಂಪ್ಯೂಟರ್ ಗೇಮ್‌ಗಳಲ್ಲಿ, ಉಪಗ್ರಹದ ದಿಕ್ಕನ್ನು ಲೆಕ್ಕ ಹಾಕುವ ಪ್ರೋಗ್ರಾಂಗಳಲ್ಲಿ ಇದೇ ಸೂತ್ರ ಓಡುತ್ತದೆ. ಅಲ್ಲಿ ಸಾಮಾನ್ಯವಾಗಿ ನಾರ್ಮ್ 1 ಇರುವ ಕ್ವಾಟರ್ನಿಯನ್‌ಗಳನ್ನೇ ಇಟ್ಟುಕೊಳ್ಳುತ್ತಾರೆ. ಆಗ ಭಾಗಿಸುವ ಕೆಲಸವೇ ತಪ್ಪುತ್ತದೆ, ಕಾಂಜುಗೇಟ್ ತಾನೇ ವಿಲೋಮ. ಆದರೆ ಸಾವಿರಾರು ಗುಣಾಕಾರಗಳಲ್ಲಿ ದಶಮಾಂಶಗಳು ಸವೆದು ನಾರ್ಮ್ 1ರಿಂದ ಮೆಲ್ಲಗೆ ಸರಿಯುತ್ತದೆ. ಅದನ್ನು ಗಮನಿಸದೆ ಕಾಂಜುಗೇಟನ್ನೇ ಬಳಸುತ್ತ ಹೋದರೆ ವಸ್ತು ತಿರುಗುವುದರ ಜೊತೆಗೆ ನಾರ್ಮ್‌ನಷ್ಟು ಪಟ್ಟು ಹಿಗ್ಗುತ್ತದೆ ಅಥವಾ ಕುಗ್ಗುತ್ತದೆ. ನಮ್ಮ q ದಲ್ಲಿ ಈ ತಪ್ಪು ಮಾಡಿದರೆ i ಹೋಗಿ j ಆಗುವ ಬದಲು 4j ಆಗುತ್ತದೆ. q ಮತ್ತು q⁻¹ ಪಕ್ಕ ಅದಲುಬದಲಾದರೆ ತಪ್ಪಿನ ಗುರುತೇ ಬೇರೆ: ಅಳತೆ ಸರಿಯಾಗಿಯೇ ಇರುತ್ತದೆ, ವಸ್ತು ಮಾತ್ರ ಉಲ್ಟಾ ತಿರುಗುತ್ತದೆ, i ಹೋಗಿ k ಆಗುತ್ತದೆ. ಮೊದಲನೆಯದಕ್ಕೆ ಮದ್ದು ಆಗಾಗ ನಾರ್ಮ್ ಲೆಕ್ಕ ಹಾಕಿ ಅದರ ವರ್ಗಮೂಲದಿಂದ ನಾಲ್ಕೂ ಸಂಖ್ಯೆಗಳನ್ನು ಭಾಗಿಸುವುದು. ಎರಡನೆಯದನ್ನು ಹಿಡಿಯಲು ಉತ್ತರ ಮೊದಲೇ ಗೊತ್ತಿರುವ ಒಂದು ಅಕ್ಷವನ್ನು ತಿರುಗಿಸಿ ನೋಡಬೇಕು.