ಮರೆತ ಯುಪಿಐ ಪಿನ್: ಡೆಬಿಟ್ ಕಾರ್ಡಿನ ಕೊನೆಯ ಆರು ಅಂಕಿಗಳೇ ಏಕೆ?

2016ರಲ್ಲಿ ಆರಂಭವಾದ ಯುಪಿಐ ಪಾವತಿ ವ್ಯವಸ್ಥೆಯು ಇಂದು ಸಗಟು ಮಳಿಗೆಯಿಂದ ತರಕಾರಿ ಗಾಡಿಯವರೆಗೆ ವ್ಯಾಪಿಸಿದೆ. ಆದರೆ ಅಂಗಡಿಯ ಕ್ಯೂಆರ್ ಫಲಕದ ಮೂಲಕ ಹಣ ಸ್ವೀಕರಿಸುವ ಬಹುಪಾಲು ವರ್ತಕರಿಗೆ ಪಿನ್ ಒತ್ತುವ ಸಂದರ್ಭ ದಿನವೂ ಬರುವುದಿಲ್ಲ. ಹಣ ಪಡೆಯಲು ಪಿನ್ ಬೇಕಿಲ್ಲ. ಕೊಡಲು ಮತ್ತು ಖಾತೆಯ ಶಿಲ್ಕು ನೋಡಲು ಮಾತ್ರ ಬೇಕು. ಹೀಗಾಗಿ ತಿಂಗಳುಗಳ ನಂತರ ಲಾರಿ ಬಾಡಿಗೆಯನ್ನೋ ಸರಕಿನ ಮುಂಗಡವನ್ನೋ ಪಾವತಿಸಲು ಹೊರಟಾಗ ಸಂಖ್ಯೆ ನೆನಪಿಗೆ ಬಾರದಿರುವುದು ಸಹಜ. ಆಗ ಅನುಸರಿಸಬೇಕಾದ ಕ್ರಮವನ್ನೂ, ಬ್ಯಾಂಕು ಕಾರ್ಡಿನ ಕೆಲವೇ ಅಂಕಿಗಳನ್ನು ಕೇಳುವುದರ ಹಿಂದಿನ ತರ್ಕವನ್ನೂ ಇಲ್ಲಿ ವಿವರಿಸಲಾಗಿದೆ.

ಪಿನ್ ಯಾರದು?

ಯುಪಿಐ ಪಿನ್ ಪಾವತಿ ಆ್ಯಪ್‌ಗೆ ಸೇರಿದ್ದಲ್ಲ. ಅದು ಬ್ಯಾಂಕ್ ಖಾತೆಗೆ ಸೇರಿದ್ದು. ಒಂದೇ ಖಾತೆಯನ್ನು ಎರಡು ಆ್ಯಪ್‌ಗಳಿಗೆ ಜೋಡಿಸಿದ್ದರೆ ಎರಡರಲ್ಲಿಯೂ ಒಂದೇ ಪಿನ್ ನಡೆಯುತ್ತದೆ. ಒಂದರಲ್ಲಿ ಬದಲಿಸಿದರೆ ಇನ್ನೊಂದರಲ್ಲಿಯೂ ಬದಲಾಗುತ್ತದೆ. ಆದ್ದರಿಂದ ಆ್ಯಪ್ ಅಳಿಸಿ ಮತ್ತೆ ಹಾಕಿಕೊಳ್ಳುವುದರಿಂದ ಮರೆತ ಪಿನ್ ಮರಳುವುದಿಲ್ಲ. ಬ್ಯಾಂಕಿನ ಶಾಖೆಯಲ್ಲಿ ಕೇಳಿದರೂ ಹಳೆಯ ಸಂಖ್ಯೆ ದೊರೆಯದು, ಏಕೆಂದರೆ ಅದು ನೌಕರರಿಗೆ ಕಾಣುವಂತೆ ಇರುವುದೇ ಇಲ್ಲ. ಹೊಸದನ್ನು ಹೊಂದಿಸಿಕೊಳ್ಳುವುದೊಂದೇ ದಾರಿ. ಊಹೆಯಿಂದ ಮತ್ತೆ ಮತ್ತೆ ತಪ್ಪು ಪಿನ್ ಒತ್ತಿದರೆ ಬ್ಯಾಂಕು ಕೆಲವು ಯತ್ನಗಳ ನಂತರ ಪಾವತಿಯನ್ನು ತಾತ್ಕಾಲಿಕವಾಗಿ ತಡೆಹಿಡಿಯುತ್ತದೆ. ಆದುದರಿಂದ ಒಂದೆರಡು ಯತ್ನಗಳಲ್ಲಿಯೇ ನಿಲ್ಲಿಸುವುದು ಲೇಸು.

ಹೊಂದಿಸುವ ಕ್ರಮ

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಬೇಳೆಕಾಳುಗಳ ವರ್ತಕರೊಬ್ಬರ ಕಾರ್ಡಿನ ಮೇಲಿನ 16 ಅಂಕಿಗಳು ನಾಲ್ಕು ನಾಲ್ಕರ ಗುಂಪುಗಳಲ್ಲಿವೆ. ಮೂರನೆಯ ಗುಂಪು 30ರಲ್ಲಿ ಕೊನೆಗೊಳ್ಳುತ್ತದೆ, ನಾಲ್ಕನೆಯ ಗುಂಪು 4172. ಕಾರ್ಡಿನ ಅವಧಿ 2028ರ ಸೆಪ್ಟೆಂಬರ್‌ವರೆಗೆ ಇದೆ.

ಅವರು ಆ್ಯಪ್‌ನಲ್ಲಿ ತಮ್ಮ ಬ್ಯಾಂಕ್ ಖಾತೆಯನ್ನು ತೆರೆದು Forgot UPI PIN ಎಂಬುದನ್ನು ಆರಿಸಬೇಕು. Change UPI PIN ಎಂಬುದು ಹಳೆಯ ಪಿನ್ ಗೊತ್ತಿರುವವರಿಗೆ. ನಂತರ ಡೆಬಿಟ್ ಕಾರ್ಡಿನ ಮಾರ್ಗವನ್ನು ಆರಿಸಿ, ಕೊನೆಯ ಆರು ಅಂಕಿಗಳ ಜಾಗದಲ್ಲಿ 304172 ಎಂದೂ, MM/YY ಜಾಗದಲ್ಲಿ 09/28 ಎಂದೂ ನಮೂದಿಸಬೇಕು. ಆಗ ಬ್ಯಾಂಕಿನಲ್ಲಿ ನೋಂದಾಯಿತ ಮೊಬೈಲಿಗೆ ಒಟಿಪಿ ಬರುತ್ತದೆ. ಅದನ್ನು ತುಂಬಿ, 4 ಅಥವಾ 6 ಅಂಕಿಗಳ ಹೊಸ ಪಿನ್ನನ್ನು ಎರಡು ಬಾರಿ ಒತ್ತಿದರೆ ಕಾರ್ಯ ಮುಗಿಯಿತು. ಕೆಲವು ಬ್ಯಾಂಕುಗಳು ಇದೇ ಪುಟದಲ್ಲಿ ಎಟಿಎಂ ಪಿನ್ನನ್ನೂ ಕೇಳುತ್ತವೆ. ಈ ಪುಟ ಆ್ಯಪ್ ಕಂಪನಿಯದಲ್ಲ, ರಾಷ್ಟ್ರೀಯ ಪಾವತಿ ನಿಗಮದ್ದು; ಅಲ್ಲಿ ಒತ್ತಿದ ಪಿನ್ ಗೂಢಲಿಪಿಗೆ ಪರಿವರ್ತಿತವಾಗಿ ಬ್ಯಾಂಕನ್ನು ಸೇರುತ್ತದೆ.

ಆರೇ ಅಂಕಿಗಳು ಏಕೆ?

ಕಾರ್ಡಿನ ಎಲ್ಲ ಅಂಕಿಗಳೂ ಸಮಾನ ಬೆಲೆಯವಲ್ಲ. ಮೊದಲ 6 ಅಥವಾ 8 ಅಂಕಿಗಳು ಕಾರ್ಡ್ ನೀಡಿದ ಬ್ಯಾಂಕನ್ನೂ ಕಾರ್ಡಿನ ಬಗೆಯನ್ನೂ ಸೂಚಿಸುತ್ತವೆ. ಅದೇ ಬ್ಯಾಂಕಿನ ಅದೇ ಬಗೆಯ ಸಾವಿರಾರು ಕಾರ್ಡುಗಳಲ್ಲಿ ಅವು ಒಂದೇ ಆಗಿರುತ್ತವೆ. ಅವುಗಳನ್ನು ಕೇಳಿದರೆ ಬ್ಯಾಂಕಿಗೆ ಹೊಸದೇನೂ ತಿಳಿಯುವುದಿಲ್ಲ. ಒಂದು ಕಾರ್ಡನ್ನು ಮತ್ತೊಂದರಿಂದ ಬೇರ್ಪಡಿಸುವ ಅಂಕಿಗಳು ಅವುಗಳ ನಂತರ ಬರುತ್ತವೆ. ತೀರಾ ಕೊನೆಯ ಅಂಕಿಯು ಹಿಂದಿನ ಅಂಕಿಗಳಿಂದ ಲೆಕ್ಕ ಹಾಕಿದ ತಾಳೆಯ ಅಂಕಿ.

ಹಾಗಾದರೆ ಕೊನೆಯ ನಾಲ್ಕೇ ಸಾಲದೆ? ಅವು ಗುಟ್ಟಾಗಿ ಉಳಿದಿಲ್ಲ. ಅಂಗಡಿಯ ಕಾರ್ಡ್ ಯಂತ್ರದ ರಸೀದಿಯಲ್ಲಿ, ಬ್ಯಾಂಕಿನ ಎಸ್ಎಂಎಸ್‌ನಲ್ಲಿ ಕೊನೆಯ ನಾಲ್ಕು ಅಂಕಿಗಳು ಕಾಣಸಿಗುತ್ತವೆ. ಆರನ್ನು ಕೇಳಿದಾಗ ಅಂಥ ರಸೀದಿಯಲ್ಲಿ ಇಲ್ಲದ ಎರಡು ಅಂಕಿಗಳನ್ನು ಕೇಳಿದಂತಾಯಿತು. ರಸೀದಿ ಸಿಕ್ಕವನಿಗೆ ಆ ಎರಡಕ್ಕೆ 100 ಸಾಧ್ಯತೆಗಳು; ಕಾರ್ಡಿನ ಅವಧಿ ಐದು ವರ್ಷವೆಂದುಕೊಂಡರೆ ತಿಂಗಳು-ವರ್ಷಕ್ಕೆ 60 ಸಾಧ್ಯತೆಗಳು; ಒಟ್ಟು 6,000. ಕೆಲವೇ ತಪ್ಪು ಯತ್ನಗಳಿಗೆ ಅವಕಾಶವಿರುವಲ್ಲಿ ಇದು ಸುಲಭದ ಊಹೆಯಲ್ಲ. ಆದರೂ ಇದೊಂದೇ ಬೀಗವಾಗಿದ್ದರೆ ಸಾಲದು. ನೋಂದಾಯಿತ ಸಿಮ್ ಇರುವ, ಬ್ಯಾಂಕಿಗೆ ಈಗಾಗಲೇ ಪರಿಚಿತವಾದ ಫೋನ್ ಮತ್ತು ಒಟಿಪಿ ಎರಡನೆಯ ಬೀಗ. ಫೋನ್ ಕದ್ದವನ ಬಳಿ ಕಾರ್ಡ್ ಇರುವುದಿಲ್ಲ, ಕಾರ್ಡ್ ಸಿಕ್ಕವನ ಬಳಿ ಫೋನ್ ಇರುವುದಿಲ್ಲ ಎಂಬುದೇ ವ್ಯವಸ್ಥೆಯ ತಳಹದಿ. ಫೋನಿನ ಹೊದಿಕೆಯೊಳಗೇ ಕಾರ್ಡನ್ನು ಇರಿಸುವ ರೂಢಿ ಈ ತಳಹದಿಯನ್ನೇ ಕೆಡವುತ್ತದೆ.

ಇನ್ನು ಪೂರ್ತಿ 16 ಅಂಕಿಗಳನ್ನೇಕೆ ಕೇಳುವುದಿಲ್ಲ? ಪೂರ್ತಿ ಸಂಖ್ಯೆ, ಅವಧಿ, ಹಿಂಬದಿಯ ಸಿವಿವಿ ಮತ್ತು ಒಟಿಪಿ ಸೇರಿದರೆ ಅಂತರ್ಜಾಲದಲ್ಲಿ ಖರೀದಿ ಮಾಡಬಹುದು. ಆರು ಅಂಕಿ ಮತ್ತು ಅವಧಿಯಿಂದ ಹಾಗೆ ಮಾಡಲಾಗದು. ಕಾರ್ಡ್ ಕೈಯಲ್ಲಿದೆ ಎಂಬುದಕ್ಕೆ ಸಾಕಾಗುವಷ್ಟು, ಕಾರ್ಡನ್ನು ದುರುಪಯೋಗಪಡಿಸಲು ಸಾಲದಷ್ಟು — ಇದು ಆರು ಅಂಕಿಗಳ ಲೆಕ್ಕಾಚಾರ. ಆದ್ದರಿಂದ ಪಿನ್ ಹೊಂದಿಸಿಕೊಡುವುದಾಗಿ ಹೇಳಿ ಪೂರ್ತಿ ಸಂಖ್ಯೆಯನ್ನೋ ಸಿವಿವಿಯನ್ನೋ ಕೇಳುವ ಕರೆ ಅಥವಾ ಪುಟ ವಂಚನೆಯದೆಂದು ತಿಳಿಯಬಹುದು. ಕರೆ ಮಾಡಿದವನು ಆರು ಅಂಕಿಗಳನ್ನು ಮಾತ್ರ ಕೇಳಿದರೂ ಹೇಳಬಾರದು. ಆ ಅಂಕಿಗಳಿಗೆ ಆ್ಯಪ್‌ನ ಪುಟವೇ ಸ್ಥಳ.

ಎಲ್ಲಿ ಎಡವುತ್ತದೆ?

ವಿವರ ತಪ್ಪೆಂಬ ಸೂಚನೆ ಬಂದರೆ ಮೊದಲು ನೋಡಬೇಕಾದದ್ದು ಕಾರ್ಡನ್ನೇ. ಖಾತೆ ಸಂಖ್ಯೆಯ ಕೊನೆಯ ಆರು ಅಂಕಿಗಳನ್ನು ತುಂಬುವುದು, ಅವಧಿ ಮುಗಿಯುವ ತಿಂಗಳಿನ ಬದಲು ಕಾರ್ಡ್ ಆರಂಭವಾದ ತಿಂಗಳನ್ನು ಬರೆಯುವುದು ಸಾಮಾನ್ಯ ತಪ್ಪುಗಳು. ಕಾರ್ಡ್ ಕಳೆದು ಬದಲಿ ಕಾರ್ಡ್ ಬಂದಿದ್ದರೆ ಸಂಖ್ಯೆಯೂ ಬದಲಾಗಿರುತ್ತದೆ. ಹಳೆಯ ಕಾರ್ಡಿನ ಅಂಕಿಗಳು ನಡೆಯವು. ಹೊಸ ಕಾರ್ಡನ್ನು ಇನ್ನೂ ಚಾಲನೆಗೊಳಿಸದಿದ್ದರೂ ವಿವರ ತಿರಸ್ಕೃತವಾಗಬಹುದು. ಎರಡು ಖಾತೆಗಳಿರುವ ವರ್ತಕರು ಉಳಿತಾಯ ಖಾತೆಯ ಕಾರ್ಡಿನಿಂದ ಚಾಲ್ತಿ ಖಾತೆಯ ಪಿನ್ ಹೊಂದಿಸಲು ಯತ್ನಿಸಿ ವಿಫಲರಾಗುವುದೂ ಉಂಟು.

ವಿವರ ಒಪ್ಪಿತವಾಗಿಯೂ ಒಟಿಪಿ ಬಾರದಿದ್ದರೆ ದೋಷ ಕಾರ್ಡಿನದಲ್ಲ. ಬ್ಯಾಂಕಿನಲ್ಲಿರುವ ಸಂಖ್ಯೆಯ ಸಿಮ್ ಅದೇ ಫೋನಿನಲ್ಲಿದೆಯೇ, ಅದಕ್ಕೆ ಎಸ್ಎಂಎಸ್ ಬರುತ್ತಿದೆಯೇ ಎಂದು ಪರೀಕ್ಷಿಸಬೇಕು.

ಡೆಬಿಟ್ ಕಾರ್ಡ್ ಇಲ್ಲದವರಿಗೆ ಹಲವು ಬ್ಯಾಂಕುಗಳು ಆಧಾರ್ ಮಾರ್ಗವನ್ನು ಒದಗಿಸಿವೆ. ಖಾತೆಗೂ ಆಧಾರ್‌ಗೂ ಒಂದೇ ಮೊಬೈಲ್ ಸಂಖ್ಯೆ ಜೋಡಣೆಯಾಗಿರಬೇಕು. ಅಲ್ಲಿ ಕೇಳುವುದು ಆಧಾರ್ ಸಂಖ್ಯೆಯ ಮೊದಲ ಆರು ಅಂಕಿಗಳನ್ನು. ಮರೆಮಾಚಿದ ಆಧಾರ್ ಪ್ರತಿಯಲ್ಲಿ ಕಾಣುವುದು ಕೊನೆಯ ನಾಲ್ಕು ಮಾತ್ರವಾದ್ದರಿಂದ, ಅಂಥ ಪ್ರತಿ ಸಿಕ್ಕವನಿಗೆ ಈ ಆರು ತಿಳಿಯುವುದಿಲ್ಲ. ಇಲ್ಲಿಯೂ ತರ್ಕ ಒಂದೇ: ಕಾಗದಪತ್ರಗಳಲ್ಲಿ ಬಹಿರಂಗವಾಗಿ ಓಡಾಡುವ ಅಂಕಿಗಳು ಗುರುತಿಗೆ ಸಾಲುವುದಿಲ್ಲ.