‘ಸೂಕ್ತ ಸಂಭಾವನೆ’ ಎಂದರೆ ಎಷ್ಟು?

‘ಸಮ್ಮೇಳನದಲ್ಲಿ ಮಾತನಾಡುವವರಿಗೆ ಸೂಕ್ತ ಗೌರವ ಸಂಭಾವನೆ ನೀಡಲು ತೀರ್ಮಾನಿಸಲಾಯಿತು.’ ನಮ್ಮ ತಾಲ್ಲೂಕಿನ ಸಾಹಿತ್ಯ ಸಂಘದ ನಡಾವಳಿ ಪುಸ್ತಕದಲ್ಲಿ ಒಂದು ವರ್ಷ ಈ ಸಾಲು ಬರೆದವನು ನಾನು. ಆಗ ಕಾರ್ಯದರ್ಶಿಯಾಗಿದ್ದೆ. ಸಮ್ಮೇಳನದ ಸಂಜೆ ಒಂದೇ ಗೋಷ್ಠಿಯ ಇಬ್ಬರಲ್ಲಿ ಒಬ್ಬರಿಗೆ ಮೂರು ಸಾವಿರದ ಕವರು ಸಿಕ್ಕಿತು, ಇನ್ನೊಬ್ಬರಿಗೆ ಶಾಲು, ಹಣ್ಣಿನ ಬುಟ್ಟಿ ಮಾತ್ರ. ಬುಟ್ಟಿ ಪಡೆದ ಲೇಖಕಿ ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಬಂದವರು. ಯಾರಿಗೆ ಎಷ್ಟು ಎಂದು ಬರೆದಿಡದ ಕಾರಣ ಕೋಶಾಧ್ಯಕ್ಷರು ಕೈಯಲ್ಲಿ ಉಳಿದ ಹಣ ನೋಡಿ ಹಂಚಿದ್ದರು. ಲೆಕ್ಕ ಪರಿಶೋಧನೆಯ ಹೊತ್ತಿಗೆ ಆ ಕವರಿಗೆ ವೋಚರೂ ಇರಲಿಲ್ಲ.

ಮರುವರ್ಷ ಸಭೆ ಆ ಒಂದೇ ವಿಷಯಕ್ಕೆ ಮುಕ್ಕಾಲು ಗಂಟೆ ಕೊಟ್ಟಿತು. ಎರಡು ಗೋಷ್ಠಿ, ಒಂದೊಂದಕ್ಕೂ ಒಬ್ಬ ಅಧ್ಯಕ್ಷರು, ಮೂವರು ಭಾಷಣಕಾರರು. ಎಂಟು ಜನರಿಗೆ ತಲಾ 2,000 ರೂಪಾಯಿಯಂತೆ 16,000. ಕವಿಗೋಷ್ಠಿಯ ಹನ್ನೆರಡು ಕವಿಗಳಿಗೆ ತಲಾ 500ರಂತೆ 6,000. ಹೊರ ಊರಿನವರಿಗೆ ಟಿಕೆಟ್ ನೋಡಿ ಬಸ್ ಚಾರ್ಜು ಬೇರೆ. ಅದಕ್ಕೆ 8,000 ಎತ್ತಿಟ್ಟೆವು. ಒಟ್ಟು 30,000 ಯಾವ ಖಾತೆಯಿಂದ ಎನ್ನುವುದನ್ನೂ ಬರೆದೆವು. ದೇಣಿಗೆ ಕಡಿಮೆ ಬಿದ್ದರೆ ಊಟದ ಸಿಹಿ ಬಿಡುವುದು, ಸಂಭಾವನೆಗೆ ಕೈ ಹಾಕಕೂಡದು ಎಂಬ ಸಾಲನ್ನು ಹಿರಿಯ ಸದಸ್ಯರೊಬ್ಬರು ಪಟ್ಟು ಹಿಡಿದು ಸೇರಿಸಿದರು. ಮೊತ್ತವನ್ನು ಆಹ್ವಾನ ಪತ್ರದಲ್ಲೇ ತಿಳಿಸಬೇಕು ಎಂದೂ ನಿರ್ಣಯವಾಯಿತು. ಸೂಚಕರು, ಅನುಮೋದಕರ ಹೆಸರು ಕೆಳಗೆ ಬಂತು.

ಪುಸ್ತಕ ಬಿಡುಗಡೆಯ ವಿಷಯ ಇನ್ನೂ ಸೂಕ್ಷ್ಮ. ಸಂಘದ ಖರ್ಚಿನಲ್ಲಿ 300 ಪ್ರತಿ ಅಚ್ಚಾಗಬೇಕಿದ್ದ ಕಥಾಸಂಕಲನ ಸಮಿತಿಯ ಸದಸ್ಯರೊಬ್ಬರದೇ. ಚರ್ಚೆ ಶುರುವಾಗುವ ಮೊದಲು ಅವರು ಎದ್ದು ಹೊರಗೆ ಹೋದರು. ಹೊರಗೆ ಹೋದದ್ದು, ಉಳಿದವರು ಎಂಟು ಜನ, ಬೈಲಾ ಪ್ರಕಾರ ಕೋರಂಗೆ ಏಳು ಜನ ಸಾಕು ಎನ್ನುವುದೆಲ್ಲ ನಡಾವಳಿಗೆ ಹತ್ತಿತು. ಇಷ್ಟು ಬರೆಯದಿದ್ದರೆ ‘ತಮ್ಮ ಪುಸ್ತಕವನ್ನು ತಾವೇ ಮಂಜೂರು ಮಾಡಿಕೊಂಡರು’ ಎಂಬ ಮಾತಿಗೆ ಉತ್ತರವಿರುವುದಿಲ್ಲ. ವೇದಿಕೆಗೆ ಐದು ಪ್ರತಿ ಮಾತ್ರ ಬಂದು ಓದುಗರು ಬರಿಗೈಲಿ ಮರಳಿದ ಅನುಭವ ನಮಗಿತ್ತು. ಹಾಗಾಗಿ ಹತ್ತು ದಿನ ಮೊದಲೇ ಪುಸ್ತಕ ತಲುಪಬೇಕು, ಪ್ರೆಸ್ಸಿನಿಂದ ತರುವವರು ಯಾರು ಎಂದೂ ಬರೆದೆವು.

ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಅಡಿಯ ಸಂಘ ವರ್ಷವರ್ಷ ಲೆಕ್ಕ ಒಪ್ಪಿಸಬೇಕು. ಆ ಲೆಕ್ಕದ ಪ್ರತಿ ಖರ್ಚಿನ ಬೆನ್ನಿಗೆ ಇಂಥ ನಿರ್ಣಯವಿರಬೇಕು. ಹಾಳೆಗೆ ಪುಟಸಂಖ್ಯೆ ಇರಲಿ, ಖಾಲಿ ಉಳಿದ ಜಾಗಕ್ಕೆ ಅಡ್ಡಗೆರೆ ಎಳೆಯಲಿ. ಆಮೇಲೆ ಯಾರೂ ಸಾಲು ತುರುಕಲಾಗದು. ಮುಂದಿನ ಸಭೆಯಲ್ಲಿ ಓದಿ ಹೇಳಿದ ಮೇಲೆಯೇ ಅಧ್ಯಕ್ಷರ ಸಹಿ.

ಆ ವರ್ಷ ಓದುವಾಗ ಯುವ ಸದಸ್ಯೆಯೊಬ್ಬರು ತಡೆದರು. ಕವಿಗಳಿಗೆ 500 ಸಾಲದು ಎಂದು ತಾನು ಹೇಳಿದ್ದು ಬಿಟ್ಟುಹೋಗಿದೆ ಎಂದರು. ಅವರ ಭಿನ್ನಾಭಿಪ್ರಾಯವನ್ನು ಹೆಸರು ಸಮೇತ ಸೇರಿಸಿದೆ. ಮುಂದಿನ ಸಮ್ಮೇಳನದ ಸಿದ್ಧತೆಗೆ ಕೂತಾಗ ಮೊದಲು ತೆರೆದದ್ದು ಅದೇ ಪುಟ. ಕವಿಗಳ ಮೊತ್ತ 1,000 ಆಯಿತು.